ನಮ್ಮ ಹೆಸರಿನ ಮುಂದಿನ ಎರಡಕ್ಷರ

"ಇನಿಷಿಯಲ್ ಏನಪ್ಪಾ?" ಅಂತ ಕೇಳುತ್ತಾರೆ. ಮಗನ ಕೈಹಿಡಿದು ಒಂದನೇ ತರಗತಿಗೆ ಸೇರಿಸಲು ಬಂದ ಅಪ್ಪನಿಗೆ ಈ ಪ್ರಶ್ನೆಯೇ ತಿಳಿಯುವುದಿಲ್ಲ. ಮಗನ ಹೆಸರು ಕೇಳಿದರೆ ಹೇಳಬಲ್ಲ. ತನ್ನ ಹೆಸರು ಹೇಳಬಲ್ಲ. ಊರು ಹೇಳಬಲ್ಲ. ಆದರೆ ಕೇಳುವವರಿಗೆ ಅಷ್ಟು ಪುರಸೊತ್ತಿಲ್ಲ. ಹೊಸಹಳ್ಳಿಗೆ ಒಂದು 'ಎಚ್', ಕರಿಯನಿಗೆ ಒಂದು 'ಕೆ', ಆಮೇಲೆ ಮಂಜುನಾಥ. ಮುಗೀತು. ಒಂದು ಇಡೀ ಊರು, ಒಬ್ಬ ಇಡೀ ಅಪ್ಪ ಎರಡು ಇಂಗ್ಲಿಷ್ ಅಕ್ಷರದೊಳಗೆ ಹೂತುಹೋದರು. ಹತ್ತು ವರ್ಷ ಯಾರಿಗೂ ತೊಂದರೆಯಾಗುವುದಿಲ್ಲ. ಹನ್ನೊಂದನೇ ವರ್ಷ ಆ ಹುಡುಗ ಸ್ಕಾಲರ್‌ಶಿಪ್ ಅರ್ಜಿ ತುಂಬಲು ಕೂತಾಗ ಆ ಎರಡಕ್ಷರ ಎದ್ದು ಬಂದು ಕಾಲು ಹಿಡಿದುಕೊಳ್ಳುತ್ತವೆ.

ಇದನ್ನು ನಾವು ಸಣ್ಣ ಸಂಗತಿ ಅಂದುಕೊಂಡಿಲ್ಲ. ಫಾರಂ ತುಂಬಲು ಬಾರದ ದಡ್ಡರ ಸಮಸ್ಯೆ ಅಂತ ಕೌಂಟರಿನ ಆಚೆ ಕೂತವರು ನಗುವುದನ್ನು ನೋಡಿದ್ದೇವೆ. ದಡ್ಡತನ ಯಾರದು ಅನ್ನುವುದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ನೋಡೋಣ.

ಹಳೇ ಮೈಸೂರಿನ ಕಡೆ ಹೆಸರಿನ ಕ್ರಮ ಸರಳವಾದದ್ದು. ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ತಾನು. ಎಚ್.ಡಿ. ದೇವೇಗೌಡ ಅಂದರೆ ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ. ಹರದನಹಳ್ಳಿಯ ದೊಡ್ಡೇಗೌಡರ ಮಗ ದೇವೇಗೌಡ ಅಂತ ಹೇಳಿದರೆ ಎಷ್ಟು ತಿಳಿಯುತ್ತದೋ ಅಷ್ಟನ್ನೇ ಈ ಕ್ರಮ ಹೇಳುತ್ತದೆ. ದೊಡ್ಡದರಿಂದ ಚಿಕ್ಕದಕ್ಕೆ, ಊರಿಂದ ಆಳಿಗೆ ಇಳಿಯುತ್ತದೆ. ಆಳಿನ ಹೆಸರು ಕೊನೆಗಿರುತ್ತದೆ. ಕೂಗಬೇಕಾದದ್ದು ಅದನ್ನೇ.

ಈಗ ಇನ್ನೊಂದು ಹೆಸರು ನೋಡಿ. ಬಿ.ಆರ್. ಅಂಬೇಡ್ಕರ್. ಇಲ್ಲೂ ಎರಡಕ್ಷರ, ಆಮೇಲೊಂದು ಹೆಸರು. ಆದರೆ ಇಲ್ಲಿ 'ಬಿ' ಅಂದರೆ ಭೀಮರಾವ್, ಅದೇ ಬಾಬಾಸಾಹೇಬರ ಸ್ವಂತ ಹೆಸರು. 'ಆರ್' ಅಂದರೆ ಅಪ್ಪ ರಾಮಜಿ. ಕೊನೆಗೆ ಬಂದ ಅಂಬೇಡ್ಕರ್ ಎಂಬುದರ ಬೇರು ರತ್ನಗಿರಿ ಜಿಲ್ಲೆಯ ಅಂಬಡವೆ ಎಂಬ ಊರಿನಲ್ಲಿದೆ. ಮನೆತನದ ಹೆಸರು ಸಕ್ಪಾಲ್, ಅದು ಬಿಟ್ಟುಹೋಯಿತು. ಅಂದರೆ ಅಲ್ಲೂ ಊರು, ಅಪ್ಪ, ಮಗ ಮೂವರೂ ಇದ್ದಾರೆ. ಕ್ರಮ ಮಾತ್ರ ತಲೆಕೆಳಗು. ಮರಾಠಿ ಸೀಮೆಯಲ್ಲಿ ಆಳು ಮುಂದೆ, ಊರು ಹಿಂದೆ. ನಮ್ಮ ಧಾರವಾಡದ ಕಡೆಯೂ ಇದೇ ಪದ್ಧತಿ ಬಹಳವಿದೆ. ದ.ರಾ. ಬೇಂದ್ರೆ ಅಂದರೆ ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ಕವಿಯ ಹೆಸರು ಮೊದಲಕ್ಷರದಲ್ಲೇ ಅಡಗಿದೆ. ಕೇರಳಕ್ಕೆ ಹೋದರೆ ಇನ್ನೊಂದು. ದಲಿತರ ಮನೆಯಲ್ಲಿ ಹುಟ್ಟಿ 1997ರಿಂದ 2002ರವರೆಗೆ ರಾಷ್ಟ್ರಪತಿಯಾಗಿದ್ದ ಕೆ.ಆರ್. ನಾರಾಯಣನ್ ಅವರ 'ಕೆ' ಊರಿನ ಹೆಸರಲ್ಲ, ಕೊಚೇರಿಲ್ ಎಂಬ ಮನೆಯ ಹೆಸರು. 'ಆರ್' ಅಪ್ಪ ರಾಮನ್.

ಎರಡಕ್ಷರ ಬರೆದುಕೊಂಡವರು ಇಷ್ಟು ಜನ, ಆ ಅಕ್ಷರಗಳ ಅರ್ಥ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಬಿಡಿಸಿ ಬರೆಯುವವರೆಗೆ ಯಾವುದು ಏನು ಅಂತ ಹೇಳಲು ಬ್ರಹ್ಮನಿಗೂ ಆಗುವುದಿಲ್ಲ. ಕಂಪ್ಯೂಟರಿಗೆ ಹೇಗೆ ಆದೀತು?

ಇನ್ನು ಫಾರಂ. ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು ಅಂತ ಮೂರು ಮನೆ ಕೊರೆದಿರುತ್ತಾರೆ. ಇದು ಇಂಗ್ಲಿಷರ ಮನೆಯ ಲೆಕ್ಕ. ಅವರಿಗೆ ಮೊದಲ ಹೆಸರು ಅಂದರೆ ಇಟ್ಟ ಹೆಸರು, ಕೊನೆಯ ಹೆಸರು ಅಂದರೆ ಅಜ್ಜನ ಕಾಲದಿಂದ ಬಂದ ಮನೆತನದ ಹೆಸರು. ಅದನ್ನು ಕನ್ನಡಕ್ಕೆ ಪದಕ್ಕೆ ಪದ ಇಳಿಸಿದವರು ಒಂದು ಕ್ಷಣ ಯೋಚಿಸಲಿಲ್ಲ. ನಮ್ಮ ಹುಡುಗನ ಹೆಸರಿನಲ್ಲಿ ಮೊದಲು ಬರುವುದು ಊರು! 'ಮೊದಲ ಹೆಸರು' ಅಂತ ಕೇಳಿದರೆ ಅವನು ನ್ಯಾಯವಾಗಿಯೇ ಹೊಸಹಳ್ಳಿ ಅಂತ ಬರೆಯುತ್ತಾನೆ. 'ಕೊನೆಯ ಹೆಸರು' ಅಂತ ಕೇಳಿದರೆ ಮಂಜುನಾಥ ಅಂತ ಬರೆಯುತ್ತಾನೆ. ಕೇಳಿದ್ದಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟಿದ್ದಾನೆ. ಆಮೇಲೆ ಯಾವುದೋ ಆಫೀಸಿನಿಂದ "ಡಿಯರ್ ಹೊಸಹಳ್ಳಿ" ಅಂತ ಕಾಗದ ಬರುತ್ತದೆ.

ಈ ಹುಡುಗನನ್ನೇ ಹಿಡಿದುಕೊಂಡು ಒಂದೊಂದು ಮೆಟ್ಟಿಲು ಹತ್ತೋಣ. ಮಂಜುನಾಥ ನಾವು ಮಾತಿಗೆ ಕಟ್ಟಿದ ಹುಡುಗ, ಆದರೆ ಅವನಂಥವರು ಪ್ರತಿ ಹೈಸ್ಕೂಲಿನಲ್ಲಿ ಹತ್ತು ಜನ ಸಿಗುತ್ತಾರೆ ಅಂತ ಇದನ್ನು ಓದುವ ಮೇಷ್ಟ್ರುಗಳಿಗೆ ಗೊತ್ತು.

ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅವನು 'ಎಚ್.ಕೆ. ಮಂಜುನಾಥ'. ಹತ್ತನೆಯ ತರಗತಿಯ ಅಂಕಪಟ್ಟಿಗೆ ಬರುವ ಹೊತ್ತಿಗೆ ಮುಂದಿದ್ದ ಅಕ್ಷರಗಳು ಹಿಂದಕ್ಕೆ ಹೋಗಿ, ಚುಕ್ಕಿಗಳು ಉದುರಿ MANJUNATHA H K ಆಗಿದ್ದಾನೆ. ಪಟ್ಟಿಯನ್ನು ಅಕಾರಾದಿಯಲ್ಲಿ ಜೋಡಿಸಲು ಇದು ಅನುಕೂಲ, ಅದನ್ನು ಒಪ್ಪೋಣ. ಕನ್ನಡದಲ್ಲಂತೂ ಅದೇ ಒಂದಕ್ಷರವನ್ನು ಒಬ್ಬರು 'ಎಚ್' ಅಂತಲೂ ಇನ್ನೊಬ್ಬರು 'ಹೆಚ್' ಅಂತಲೂ ಬರೆಯುತ್ತಾರೆ. ಒಂದು ಪಟ್ಟಿಯಲ್ಲಿ 'ಎ'ಕಾರದಲ್ಲಿ ಸಿಗುವ ಹುಡುಗ ಇನ್ನೊಂದರಲ್ಲಿ 'ಹ'ಕಾರದಲ್ಲಿ ಸಿಗುತ್ತಾನೆ. ಆದರೆ ಅಕ್ಷರ ಹಿಂದಕ್ಕೆ ಹೋದ ಕೂಡಲೇ ಯಂತ್ರದ ಕಣ್ಣಿಗೆ ಅವನ ಮನೆತನದ ಹೆಸರು 'ಕೆ' ಆಗುತ್ತದೆ. ಕರಿಯನೂ ಅಲ್ಲ, ಹೊಸಹಳ್ಳಿಯೂ ಅಲ್ಲ. ಬರೀ 'ಕೆ'.

ಆಧಾರ್ ಮಾಡಿಸುವಾಗ ಹುಡುಗನಿಗೆ ಆರು ವರ್ಷ. ಅಪ್ಪ ಹೇಳಿದ್ದು ಮಂಜುನಾಥ ಅಂತ. ಆಧಾರಿನಲ್ಲಿ ಹೆಸರಿಗೆ ಇರುವುದು ಒಂದೇ ಸಾಲು, ಮೂರು ಮನೆಯ ಗೋಳಿಲ್ಲ. ಅಪ್ಪನ ಹೆಸರು ಕೆಳಗೆ ವಿಳಾಸದ ಸಾಲಿನಲ್ಲಿ ಸೇರಿತು. ಹಾಗಾಗಿ ಅಲ್ಲಿ ಅವನು ಬರೀ MANJUNATHA. ಜಾತಿ ಪ್ರಮಾಣಪತ್ರ ನಾಡಕಚೇರಿಯಿಂದ ಬಂತು, ಅದರಲ್ಲಿ 'ಮಂಜುನಾಥ ಬಿನ್ ಕರಿಯಪ್ಪ'. ಬ್ಯಾಂಕಿನ ಪುಸ್ತಕದಲ್ಲಿ 'ಮಂಜುನಾಥ ಎಚ್'. ಒಬ್ಬನೇ ಹುಡುಗ ನಾಲ್ಕು ಜನವಾದ.

ಈಗ ಸ್ಕಾಲರ್‌ಶಿಪ್. ರಾಜ್ಯದ ವಿದ್ಯಾರ್ಥಿವೇತನದ ಪೋರ್ಟಲಿನಲ್ಲಿ ಅಂಕಪಟ್ಟಿಯ ನಂಬರು, ಆಧಾರ್ ನಂಬರು, ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರು ಎಲ್ಲ ಒಂದೇ ಕಡೆ ಬಂದು ಕೂರುತ್ತವೆ. ದುಡ್ಡು ಆಧಾರ್ ಜೋಡಿಸಿದ ಖಾತೆಗೆ ಬರಬೇಕು. ಮನುಷ್ಯ ನೋಡಿದರೆ ನಾಲ್ಕೂ ಒಬ್ಬನೇ ಅಂತ ಅರೆಗಳಿಗೆಯಲ್ಲಿ ಹೇಳಿಬಿಡುತ್ತಾನೆ. ಯಂತ್ರಕ್ಕೆ ಆ ವಿವೇಕವಿಲ್ಲ, ಅಕ್ಷರಕ್ಕೆ ಅಕ್ಷರ ತಾಳೆ ನೋಡುತ್ತದೆ. ಶಾಲೆಗಳಲ್ಲಿ ಈಚೆಗೆ ಅಪಾರ್ ಎಂಬ ಸಂಖ್ಯೆ ಬೇರೆ ಬಂದಿದೆ. ಶಾಲೆಯ ದಾಖಲೆಯ ಹೆಸರೂ ಆಧಾರಿನ ಹೆಸರೂ ಹೊಂದದಿದ್ದರೆ ಅದು ಹುಟ್ಟುವುದೇ ಇಲ್ಲ. ತಿದ್ದಿಸಿಕೊಂಡು ಬಾ ಅನ್ನುತ್ತಾರೆ. ತಿದ್ದಿಸುವುದು ಯಾವುದನ್ನು? ಅಂಕಪಟ್ಟಿ ತಿದ್ದಿಸುವುದು ಮಹಾಯಜ್ಞ. ಆಧಾರಿನಲ್ಲಿ ಹೆಸರು ತಿದ್ದಲು ಅವಕಾಶವಿದೆ, ಆದರೆ ಜೀವಮಾನದಲ್ಲಿ ಎರಡೇ ಸಲ. ಆದ್ದರಿಂದ ಎಲ್ಲರೂ ಅಂಕಪಟ್ಟಿಯಲ್ಲಿ ಇದ್ದಂತೆ ಆಧಾರ್ ತಿದ್ದಿಸುತ್ತಾರೆ. ಕೂಲಿ ಬಿಟ್ಟು ತಾಲ್ಲೂಕಿಗೆ ಹೋಗಿ, ಟೋಕನ್ ಹಿಡಿದು ನಿಂತು, ಎರಡರಲ್ಲಿ ಒಂದು ಅವಕಾಶ ಖರ್ಚುಮಾಡಿ, ಆಧಾರಿನಲ್ಲೂ MANJUNATHA H K ಆದ. ಅಬ್ಬಾ, ಮುಗೀತು ಅಂದುಕೊಂಡ.

ಮುಗಿಯಲಿಲ್ಲ. ಕೆಲಸ ಸಿಕ್ಕಿತು, ಪ್ಯಾನ್ ಕಾರ್ಡು ಬೇಕು. ಅದರ ಅರ್ಜಿಯಲ್ಲಿ ಮೊದಲ ಹೆಸರಿಗೂ ಕೊನೆಯ ಹೆಸರಿಗೂ ಬಿಡಿ ಅಕ್ಷರ ಹಾಕುವಂತಿಲ್ಲ, ಬಿಡಿಸಿ ಬರೆಯಬೇಕು. ಪಾಸ್‌ಪೋರ್ಟಿನದೂ ಇದೇ ಕಟ್ಟಳೆ. ಅಂದರೆ ಒಂದು ಇಲಾಖೆ ಹುಟ್ಟಿಸಿದ ಅಕ್ಷರವನ್ನು ಇನ್ನೊಂದು ಇಲಾಖೆ ಮುಟ್ಟಿಸಿಕೊಳ್ಳುವುದಿಲ್ಲ. ಸೈಬರ್ ಅಂಗಡಿಯ ಹುಡುಗ ತನಗೆ ತೋಚಿದಂತೆ ಬಿಡಿಸುತ್ತಾನೆ. ಅವನು ಹೇಗೆ ಬಿಡಿಸಿದ ಅಂತ ಕಂಡುಹಿಡಿಯಲು ಒಂದು ಗುರುತಿದೆ, ತಿಳಿದಿರಲಿ. ಪ್ಯಾನ್ ಸಂಖ್ಯೆಯಲ್ಲಿ ಹತ್ತು ಅಕ್ಷರ ಅಂಕಿಗಳಿವೆ. ಅದರಲ್ಲಿ ನಾಲ್ಕನೆಯದು P ಇದ್ದರೆ ಅದು ಒಬ್ಬ ವ್ಯಕ್ತಿಯದು. ಐದನೆಯದು ಆ ವ್ಯಕ್ತಿಯ 'ಕೊನೆಯ ಹೆಸರಿ'ನ ಮೊದಲಕ್ಷರ. ಮಂಜುನಾಥನ ಕಾರ್ಡಿನಲ್ಲಿ ಐದನೆಯದು H ಇದ್ದರೆ ಸರ್ಕಾರದ ಲೆಕ್ಕದಲ್ಲಿ ಊರೇ ಅವನ ಮನೆತನ. K ಇದ್ದರೆ ಅಪ್ಪ ಮನೆತನವಾದ. M ಇದ್ದರೆ ತನಗೆ ತಾನೇ ಮನೆತನ. ನಿಮ್ಮದನ್ನು ತೆಗೆದು ನೋಡಿಕೊಳ್ಳಿ. ಅಣ್ಣನದು ಒಂದಕ್ಷರ, ತಮ್ಮನದು ಇನ್ನೊಂದಿದ್ದರೆ ಆಶ್ಚರ್ಯಪಡಬೇಡಿ.

ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗವನ್ನು ಖಾಲಿ ಬಿಡಬಹುದು. ನಮ್ಮವರು ಅನೇಕರು ಹಾಗೇ ಬಿಟ್ಟರು. 2022ರ ನವೆಂಬರಿನಲ್ಲಿ ದುಬೈ ಕಡೆಯವರು ಒಂದೇ ಹೆಸರಿರುವ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಇಲ್ಲ ಅಂದುಬಿಟ್ಟರು. ಎರಡನೇ ಪುಟದಲ್ಲಿ ಅಪ್ಪನ ಹೆಸರಿದ್ದರೆ ಆದೀತು ಅಂತ ಆಮೇಲೆ ಸಡಿಲಿಸಿದರು. ನೋಡಿ, ಅರಬ್ಬರ ಊರಿಗೂ ಕೊನೆಗೆ ಬೇಕಾದದ್ದು ಇಂಥವನ ಮಗ ಇಂಥವನು ಅನ್ನುವುದೇ.

ಆ ಅರಬ್ಬರ ಮಾತೇ ನಮ್ಮ ಪಹಣಿಯಲ್ಲೂ ಇದೆಯಲ್ಲ! 'ಬಿನ್' ಅಂದರೆ ಅರಬ್ಬಿಯಲ್ಲಿ ಮಗ. 'ಕರಿಯ ಬಿನ್ ಹುಚ್ಚ'. ಹೆಂಗಸಾದರೆ 'ಕೋಂ', ಇಂಥವನ ಹೆಂಡತಿ. ಆ ಹಾಳೆಯ ಮೇಲೆಯೇ ಗ್ರಾಮ, ಹೋಬಳಿ, ತಾಲ್ಲೂಕು ಬೇರೆ ಬೇರೆಯಾಗಿ ಬರೆದಿರುತ್ತದೆ. ಇನಿಷಿಯಲ್ಲಿನ ಗೊಡವೆಯಿಲ್ಲ, ಸರ್‌ನೇಮಿನ ಗೊಡವೆಯಿಲ್ಲ. ಯಾರು, ಯಾರ ಮಗ, ಯಾವ ಊರು ಮೂರೂ ಬಿಚ್ಚಿಟ್ಟಂತಿವೆ. ಯಾಕೆ ಗೊತ್ತೇ? ಕಂದಾಯ ವಸೂಲಿಗೆ ಆಳು ತಪ್ಪಬಾರದು. ಪಕ್ಕದ ಹೊಲದ ಕರಿಯನನ್ನು ಹಿಡಿದು ಈ ಕರಿಯನನ್ನು ಬಿಡಬಾರದು. ಕಿತ್ತುಕೊಳ್ಳುವಾಗ ಸರ್ಕಾರಕ್ಕೆ ನಮ್ಮ ಹೆಸರು ಸರಿಯಾಗಿ ಬರೆಯಲು ಬರುತ್ತಿತ್ತು. ಕೊಡುವ ಕಾಲ ಬಂದಾಗ ಸರ್‌ನೇಮ್ ಏನು ಅಂತ ಕೇಳುತ್ತದೆ.

ಆದರೆ ಪಹಣಿಯನ್ನು ಹೊಗಳಿ ಸುಮ್ಮನಾಗಲು ಆಗುವುದಿಲ್ಲ. ಕ್ರಮ ಸರಿಯಿತ್ತು, ಹೆಸರು ಸರಿಯಿರಲಿಲ್ಲ. ಊರೊಳಗಿನವನು ತಿಮ್ಮೇಗೌಡ, ತಿಮ್ಮಯ್ಯ, ತಿಮ್ಮಪ್ಪ. ಕೇರಿಯವನು ತಿಮ್ಮ. ಒಂದೇ ದೇವರ ಹೆಸರು, ಒಬ್ಬನಿಗೆ ಬಾಲ ಉಂಟು, ಇನ್ನೊಬ್ಬನಿಗೆ ಇಲ್ಲ. ಅಪ್ಪ, ಅಯ್ಯ ಅಂತ ಕೇರಿಯವನನ್ನು ಕರೆಯಲು ನಾಲಿಗೆ ಹೊರಳುತ್ತಿರಲಿಲ್ಲ. ಶಾನುಭೋಗರ ಲೇಖನಿಯೂ ಹೊರಳಲಿಲ್ಲ. ಹೀಗೆ ದಾಖಲೆಯಲ್ಲಿ ಕರಿಯ, ಕೆಂಚ, ಹುಚ್ಚ, ಮಾರ ಅಂತ ನಮ್ಮ ತಾತಂದಿರು ಬೆತ್ತಲೆ ನಿಂತಿದ್ದಾರೆ. ಮೊಮ್ಮಗ ಶಾಲೆಗೆ ಹೋದ, ನಾಚಿಕೆಯಾಯಿತೋ ಸಿಟ್ಟು ಬಂತೋ, ಅಪ್ಪನ ಹೆಸರನ್ನು ಕರಿಯಪ್ಪ ಅಂತ ಬರೆಸಿದ. ತಪ್ಪೇನು? ಮುನ್ನೂರು ವರ್ಷ ಕೊಡದ 'ಅಪ್ಪ'ನನ್ನು ಅವನೇ ತೆಗೆದುಕೊಂಡ.

ಆ 'ಅಪ್ಪ'ನಿಗೆ ದಂಡ ಬೀಳುವುದು ಕೋರ್ಟಿನಲ್ಲಿ. 1978ರಲ್ಲಿ ಕರ್ನಾಟಕ ಒಂದು ಒಳ್ಳೆಯ ಕಾನೂನು ಮಾಡಿತು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಕಾನೂನು ಮೀರಿ ಯಾರಾದರೂ ಕೊಂಡಿದ್ದರೆ ಅದನ್ನು ಮಂಜೂರುದಾರನಿಗೆ, ಅವನಿಲ್ಲದಿದ್ದರೆ ಅವನ ವಾರಸುದಾರರಿಗೆ ಬಿಡಿಸಿಕೊಡುವ ಕಾನೂನು. ಅರ್ಜಿ ಹಾಕಬೇಕಾದ್ದು ಉಪವಿಭಾಗಾಧಿಕಾರಿಗೆ. ಈಗ ಮಂಜುನಾಥ ಅರ್ಜಿ ಹಾಕಿದ ಅನ್ನಿ. ಸಾಗುವಳಿ ಚೀಟಿಯಲ್ಲಿ ಇರುವುದು 'ಕರಿಯ ಬಿನ್ ಹುಚ್ಚ'. ಮಂಜುನಾಥನ ಜಾತಿ ಪತ್ರದಲ್ಲಿ ಅಪ್ಪ 'ಕರಿಯಪ್ಪ'. ಆಧಾರಿನಲ್ಲಿ 'ಎಚ್ ಕೆ', ಅದರಲ್ಲಿ ಕೆ ಅಂದರೆ ಕರಿಯನೋ, ಕೆಂಚಯ್ಯನೋ, ಕಾಳನೋ, ಅದು ಹೇಳುವುದಿಲ್ಲ. ಎದುರು ವಕೀಲ ಎದ್ದು ನಿಂತು, ಸ್ವಾಮಿ, ಮಂಜೂರುದಾರ ಕರಿಯ ಬೇರೆ, ಅರ್ಜಿದಾರನ ತಂದೆ ಕರಿಯಪ್ಪ ಬೇರೆ, ಇವನು ವಾರಸುದಾರನೇ ಅಲ್ಲ ಅನ್ನುತ್ತಾನೆ. ವಂಶವೃಕ್ಷ ತಾ, ಇಬ್ಬರೂ ಒಬ್ಬರೇ ಅಂತ ಪ್ರಮಾಣಪತ್ರ ತಾ, ಸಾಕ್ಷಿ ತಾ ಅಂತ ಆರಂಭವಾಗುತ್ತದೆ. ಸಾಕ್ಷಿ ಹೇಳಬೇಕಾದ ಹಳಬರು ಯಾರು? ಹೊಲ ಕೊಂಡವನ ಮನೆಯಲ್ಲಿ ಜೀತ ಮಾಡಿದವರೇ. ಎರಡೆಕರೆ ಜಮೀನು ಒಂದು 'ಅಪ್ಪ'ನ ಮೇಲೆ, ಒಂದು 'ಕೆ'ಯ ಮೇಲೆ ತೂಗಾಡುತ್ತದೆ.

ಹೆಣ್ಣುಮಕ್ಕಳದು ಇನ್ನೂ ಬೇರೆ ಗೋಳು. ಮದುವೆಯಾದ ಕೂಡಲೇ ಅಪ್ಪನ ಅಕ್ಷರ ತೆಗೆದು ಗಂಡನ ಅಕ್ಷರ ಹಾಕಿಸುತ್ತಾರೆ, ಅದೇನೋ ಮರ್ಯಾದೆ ಅಂತ. ಜಾತಿ ಹುಟ್ಟಿನಿಂದ ಬಂದದ್ದು, ಗಂಡನಿಂದ ಬಂದದ್ದಲ್ಲ. ಪ್ರಮಾಣಪತ್ರ ಅಪ್ಪನ ಹೆಸರಿನ ಮೇಲೆ ನಿಲ್ಲುತ್ತದೆ. ಮೀಸಲಾತಿಯಲ್ಲಿ ನೌಕರಿ ಸಿಕ್ಕ ಮೇಲೆ ಪರಿಶೀಲನೆಗೆ ಕರೆದು, ಈ ಅಕ್ಷರ ಯಾಕೆ ಬದಲಾಯ್ತಮ್ಮಾ ಅಂತ ಕೇಳಿದರೆ ಅವಳು ಮದುವೆ ಕಾಗದದಿಂದ ಹಿಡಿದು ಎಲ್ಲವನ್ನೂ ಹರಡಿ ಕೂರಬೇಕು. ಹೆಸರು ಹಾಗೇ ಇರಲಿ ತಂಗೀ. ಗಂಡನಿಗೆ ಬೇಕಿದ್ದರೆ ಅವನು ನಿನ್ನ ಅಕ್ಷರ ಹಾಕಿಕೊಳ್ಳಲಿ.

ಇಷ್ಟೆಲ್ಲ ತಾಪತ್ರಯ ಯಾಕೆ, ಎಲ್ಲರಂತೆ ಒಂದು ಸರ್‌ನೇಮ್ ಇಟ್ಟುಕೊಳ್ಳಿ ಅಂತ ಬುದ್ಧಿ ಹೇಳುವವರಿದ್ದಾರೆ. ನಮ್ಮ ತಕರಾರು ಇಲ್ಲೇ ಇರುವುದು. ಈ ಸೀಮೆಯಲ್ಲಿ ಸರ್‌ನೇಮ್ ಅಂದರೆ ಏನು? ಗೌಡ, ರಾವ್, ಶೆಟ್ಟಿ, ಆಚಾರ್. ಹೆಸರು ಹೇಳಿದ ಕೂಡಲೇ ಜಾತಿ ಹೇಳಿದಂತೆ. ಸರ್‌ನೇಮಿನ ಖಾಲಿ ಮನೆ ತೋರಿಸಿ ತುಂಬು ಅಂದರೆ, ನೀನು ಯಾವ ಜನ ಅಂತ ಕೇಳಿದ ಹಾಗೆಯೇ. ಊರು ಮತ್ತು ಅಪ್ಪನ ಹೆಸರು ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಅದೇ ಅವುಗಳ ಒಳ್ಳೆಯತನ. ತಮಿಳುನಾಡಿನಲ್ಲಿ ಪೆರಿಯಾರ್ 1929ರ ಚೆಂಗಲ್ಪಟ್ಟು ಸ್ವಾಭಿಮಾನ ಸಮ್ಮೇಳನದ ಹೊತ್ತಿಗೆ ತಮ್ಮ ಹೆಸರಿನ ಹಿಂದಿದ್ದ ನಾಯ್ಕರ್ ಎಂಬುದನ್ನು ಕಿತ್ತೊಗೆದರು. ಉಳಿದದ್ದು ಈರೋಡ್ ವೆಂಕಟಪ್ಪ ರಾಮಸಾಮಿ. ಊರು, ಅಪ್ಪ, ಮಗ. ಜಾತಿಗೆ ಜಾಗವಿಲ್ಲ. ಅಲ್ಲಿ ಕಿತ್ತದ್ದನ್ನು ಇಲ್ಲಿ ಒಂದು ಫಾರಮ್ಮಿಗೋಸ್ಕರ ನಾವು ಅಂಟಿಸಿಕೊಳ್ಳಬೇಕೆ?

ನಮ್ಮೊಳಗೂ ಒಂದು ಪ್ರಶ್ನೆ ಬರುತ್ತದೆ, ಮುಚ್ಚಿಡುವುದಿಲ್ಲ. ಊರ ಹೆಸರು ಯಾಕೆ ಹೊರಬೇಕು? ಬಾವಿಗೆ ಬಿಡದ ಊರು, ಗುಡಿಗೆ ಬಿಡದ ಊರು. ಹೊಸಹಳ್ಳಿ ಅಂದರೆ ಹೊಸಹಳ್ಳಿಯ ಕೇರಿ ಅಂತ ಮಾತ್ರ ನಮಗೆ ಅರ್ಥ. ಆದರೂ ದೇವನೂರ ಮಹಾದೇವ, ಮೂಡ್ನಾಕೂಡು ಚಿನ್ನಸ್ವಾಮಿ ಅಂತ ನಮ್ಮ ಲೇಖಕರು ಊರನ್ನು ಒಂದಕ್ಷರಕ್ಕೆ ಇಳಿಸದೆ ಇಡಿಯಾಗಿ ಹೆಸರಿನ ಮುಂದೆ ನಿಲ್ಲಿಸಿದರು. ಊರು ನಮ್ಮದೂ ಹೌದು ಅಂತ ಬರೆದುಕೊಂಡ ಹಾಗೆ ಅಂತ ನಾವು ಓದಿಕೊಳ್ಳುತ್ತೇವೆ. ಇದನ್ನು ಒಪ್ಪದ ಗೆಳೆಯರಿದ್ದಾರೆ, ಅವರು ಬರೀ ತಮ್ಮ ಹೆಸರೊಂದನ್ನೇ ಇಟ್ಟುಕೊಳ್ಳುತ್ತಾರೆ. ಅದೂ ಸರಿಯೇ. ಎರಡರಲ್ಲೂ ಬಿಡಿ ಅಕ್ಷರವಿಲ್ಲ ಅನ್ನುವುದನ್ನು ಗಮನಿಸಿ.

ಫಾರಂ ಮಾಡುವವರಿಗೆ ನಾವು ಹೇಳುವುದು ಇಷ್ಟೇ. ಹೆಸರಿಗೆ ಒಂದೇ ಸಾಲು ಕೊಡಿ, ಆಧಾರಿನಲ್ಲಿ ಕೊಟ್ಟಹಾಗೆ. ಅಪ್ಪ ಅಮ್ಮನ ಹೆಸರಿಗೆ ಬೇರೆ ಸಾಲು, ಊರಿಗೆ ಬೇರೆ ಸಾಲು. ಪಹಣಿ ಬರೆದವರಿಗೆ ಹೊಳೆದದ್ದು ನಿಮ್ಮ ಕಂಪ್ಯೂಟರಿಗೆ ಹೊಳೆಯದೇ ಹೋಯಿತೆ? ಅವರು ಕೇಳುವವರೆಗೆ ನಾವು ಕಾಯುವಂತಿಲ್ಲ. ಹಾಗಾಗಿ ಇದನ್ನು ಓದುವ ಮೇಷ್ಟ್ರುಗಳಿಗೆ ಒಂದು ಮಾತು.

ಬೇರು ಇರುವುದು ನಿಮ್ಮ ದಾಖಲಾತಿ ಪುಸ್ತಕದಲ್ಲಿ. ಅಲ್ಲಿ ಬರೆದದ್ದೇ ಹತ್ತನೆಯ ತರಗತಿಯ ಅಂಕಪಟ್ಟಿಗೆ ಹೋಗುತ್ತದೆ, ಅಲ್ಲಿಂದ ಮಿಕ್ಕ ಎಲ್ಲ ಕಡೆಗೂ. ಒಂದನೇ ತರಗತಿಯಲ್ಲಿ ಇನಿಷಿಯಲ್ ಬರೆಯಬೇಡಿ. ಅಪ್ಪನ ಹೆಸರು ಸೇರಿಸುವುದಾದರೆ ಬಿಡಿಸಿ 'ಮಂಜುನಾಥ ಕರಿಯಪ್ಪ' ಅಂತ ಬರೆಯಿರಿ. ಆಗ ಪ್ಯಾನಿನವರು ಕೊನೆಯ ಹೆಸರು ಕೇಳಿದರೂ ಜಾತಿ ಹೇಳದೆ ಉತ್ತರ ಕೊಡಬಹುದು. ಮಗುವಿಗೆ ಆಗಲೇ ಆಧಾರ್ ಆಗಿದ್ದರೆ, ಜನನ ಪ್ರಮಾಣಪತ್ರ ಇದ್ದರೆ, ಎರಡನ್ನೂ ಪಕ್ಕದಲ್ಲಿಟ್ಟು ಒಂದೊಂದಕ್ಷರ ಹೊಂದಿಸಿ. 'ಮಂಜುನಾಥ'ನ ಇಂಗ್ಲಿಷಿನಲ್ಲಿ ಕೊನೆಯ A ಇದೆಯೋ ಇಲ್ಲವೋ ಅದನ್ನೂ ನೋಡಿ, ಅಲ್ಲೇ ಬಹಳ ಜನ ಎಡವುವುದು. ಅಪ್ಪನ ಹೆಸರನ್ನು ಪಹಣಿಯಲ್ಲಿ ಇದ್ದಂತೆ ಬರೆಯಬೇಕೋ, ಅವನು ಈಗ ಕರೆಸಿಕೊಳ್ಳುವಂತೆ ಬರೆಯಬೇಕೋ ಅದನ್ನು ಅವನನ್ನೇ ಕೇಳಿ. ಜಮೀನಿದ್ದರೆ ಈ ಎರಡು ಹೆಸರಿನ ವಿಷಯ ಎಚ್ಚರಿಸಿ, ಅವನು ಬದುಕಿರುವಾಗಲೇ ಪಹಣಿಯ ಹೆಸರು ತಿದ್ದಿಸಿಕೊಳ್ಳಲಿ. ಸತ್ತ ಮೇಲೆ ಆ ಕೆಲಸ ಮಗನ ತಲೆಗೆ ಬರುತ್ತದೆ.

ಬರೆದ ಮೇಲೆ ಆ ಸಾಲನ್ನು ಗಟ್ಟಿಯಾಗಿ ಓದಿ ಹೇಳಿ. ಹೆಬ್ಬೆಟ್ಟು ಒತ್ತುವ ಮೊದಲು ಅಮ್ಮನೋ ಅಪ್ಪನೋ ಅದನ್ನು ಕಿವಿಯಲ್ಲಿ ಕೇಳಲಿ. "ಮಂಜ ಅಂತ ಕೂಗ್ತೀವಿ ಬುದ್ದೀ, ಹೆಂಗಾರ ಬರ್ಕಳಿ" ಅಂದರೆ ಹೆಂಗಾರ ಬರೆದುಕೊಳ್ಳಬೇಡಿ. ಕೂರಿಸಿ, ಇನ್ನೊಮ್ಮೆ ಕೇಳಿ.